ಯಾರೂ ಕಾಯದ ಮೂವತ್ತೆರಡು ನಿಮಿಷ

ಮನೆಗೆ ದಿನಸಿ ತಲುಪಿಸುವ ಎಷ್ಟೋ ಅಂಗಡಿಗಳ ವಾರದ ವರದಿಯಲ್ಲಿ ಎಲ್ಲಕ್ಕೂ ಮೇಲೆ ಕೂರುವುದು ಒಂದೇ ಸಂಖ್ಯೆ: ಡೆಲಿವರಿಯ ಸರಾಸರಿ ಸಮಯ. ಕೆಲವೇ ಆರ್ಡರುಗಳು ವಿಪರೀತ ತಡವಾದ ದಿನ ಈ ಸಂಖ್ಯೆ ಗ್ರಾಹಕರ ಬಗ್ಗೆಯೂ ಸುಳ್ಳು ಹೇಳುತ್ತದೆ, ಬೈಕ್ ಓಡಿಸುವ ಹುಡುಗರ ಬಗ್ಗೆಯೂ ಸುಳ್ಳು ಹೇಳುತ್ತದೆ. ಅದನ್ನು ಆ ಜಾಗದಿಂದ ಇಳಿಸಲೇಬೇಕು.

ಪುಣೆಯ ಒಂದು ಬಡಾವಣೆಯಲ್ಲಿ ಅಂಥದೊಂದು ಅಂಗಡಿ ಇದೆ ಎಂದುಕೊಳ್ಳಿ. ಒಂದು ಸಂಜೆ ಅಲ್ಲಿಗೆ 20 ಆರ್ಡರು ಬಂದವು. ಆರ್ಡರು ಕೊಟ್ಟ ಕ್ಷಣದಿಂದ ಬಾಗಿಲು ತಟ್ಟುವವರೆಗೆ ಹಿಡಿದ ನಿಮಿಷಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ ಹೀಗೆ ಕಾಣುತ್ತದೆ: 14, 15, 16, 17, 18, 18, 19, 19, 20, 21, 21, 22, 23, 24, 25, 26, 28, 31, 95, 168. ಒಟ್ಟು 640 ನಿಮಿಷ, ಸರಾಸರಿ 32.

ಈಗ ಆ 32 ನಿಮಿಷ ಕಾದವರನ್ನು ಹುಡುಕಿ. ಒಬ್ಬರೂ ಸಿಗುವುದಿಲ್ಲ. ಹದಿನೆಂಟು ಮನೆಗಳಿಗೆ ಸಾಮಾನು ಅದಕ್ಕಿಂತ ಮೊದಲೇ ತಲುಪಿದೆ. ಉಳಿದ ಎರಡು ಮನೆಯವರು ಒಂದೂವರೆ ಗಂಟೆಗೂ ಹೆಚ್ಚು ಕಾದಿದ್ದಾರೆ. ಸರಾಸರಿ ಮಾಡಿದ್ದು ಇಷ್ಟೇ: ಇಬ್ಬರ ಸಂಕಟವನ್ನು ಹದಿನೆಂಟು ಜನರ ತಲೆಗೆ ತೆಳುವಾಗಿ ಹಂಚಿಬಿಟ್ಟಿದೆ.

ಅದೇ ಸಾಲಿನ ನಡುವೆ ಬೆರಳಿಟ್ಟು ನೋಡಿ. ಹತ್ತನೆಯದೂ ಹನ್ನೊಂದನೆಯದೂ 21. ಅದೇ ಮಧ್ಯಾಂಕ, ಅಂದರೆ ಅರ್ಧ ಮನೆಗಳಿಗೆ 21 ನಿಮಿಷದೊಳಗೆ ಸಾಮಾನು ತಲುಪಿದೆ. ಹದಿನೆಂಟನೆಯದು 31. ಅದು 90ನೇ ಪರ್ಸೆಂಟೈಲ್, ಹತ್ತರಲ್ಲಿ ಒಂಬತ್ತು ಆರ್ಡರು ಅಷ್ಟರೊಳಗೆ ಮುಗಿದಿವೆ. ಹತ್ತೊಂಬತ್ತನೆಯದು, ಅಂದರೆ 95ನೇ ಪರ್ಸೆಂಟೈಲ್, ಕಾಕತಾಳೀಯವಾಗಿ 95 ನಿಮಿಷವೇ. 31ರಿಂದ 95ಕ್ಕೆ ನೆಗೆದ ಆ ಜಾಗದಲ್ಲಿ ಏನೋ ಮುರಿದಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ.

32 ಎಂಬ ಸಂಖ್ಯೆ ನೋಡಿದ ಮ್ಯಾನೇಜರ್ ಏನು ಮಾಡುತ್ತಾನೆ? ಹುಡುಗರಿಗೆ ಬೇಗ ಓಡಿಸಿ ಎನ್ನುತ್ತಾನೆ. ಹದಿನೆಂಟು ಜನ ಸಿಗ್ನಲ್ ಹಾರಿ ತಲಾ ಎರಡು ನಿಮಿಷ ಉಳಿಸಿದರೂ ಸಿಗುವುದು ಒಟ್ಟು 36 ನಿಮಿಷ. ಆದರೆ ಆ 168 ನಿಮಿಷದ ಚೀಲ ರಸ್ತೆಯಲ್ಲಿ ಇರಲೇ ಇಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ ಯಾರ ಹೆಸರಿಗೂ ಹೋಗದೆ ಅಂಗಡಿಯ ಕಪಾಟಿನಲ್ಲೇ ಕುಳಿತಿತ್ತು. ಅದೊಂದನ್ನು 21ಕ್ಕೆ ತಂದಿದ್ದರೆ 147 ನಿಮಿಷ ಉಳಿಯುತ್ತಿತ್ತು. ತಪ್ಪು ಕಪಾಟಿನದು, ಬೈಗುಳ ಬೈಕಿನವನಿಗೆ.

ಇನ್ನೂ ಕೆಟ್ಟದ್ದೊಂದಿದೆ. 168 ನಿಮಿಷ ಕಾದವರು ಬೇಸತ್ತು ಆರ್ಡರು ರದ್ದು ಮಾಡಿದ್ದರೆ? ರದ್ದಾದದ್ದಕ್ಕೆ ತಲುಪಿದ ಸಮಯವೇ ಇಲ್ಲ. ಆದ್ದರಿಂದ ಅದು ಲೆಕ್ಕದಿಂದ ಬಿದ್ದುಹೋಗುತ್ತದೆ. ಉಳಿದ ಹತ್ತೊಂಬತ್ತರ ಸರಾಸರಿ ಸುಮಾರು 25ಕ್ಕೆ ಇಳಿಯುತ್ತದೆ. ಗ್ರಾಹಕ ಕೈಬಿಟ್ಟ, ವರದಿ ಮಾತ್ರ ಸುಧಾರಿಸಿತು! ಪರ್ಸೆಂಟೈಲಿಗೆ ಈ ತೊಡಕಿಲ್ಲ. ತಡವಾಗಿ ರದ್ದಾದ ಆರ್ಡರನ್ನು ‘ತಲುಪಲಿಲ್ಲ’ ಎಂದು ಸಾಲಿನ ಕೊನೆಗೆ ನಿಲ್ಲಿಸಿದರೆ ಸಾಕು, ಮಧ್ಯಾಂಕ 21, 90ನೆಯದು 31, 95ನೆಯದು 95 ಎಂದೇ ಉಳಿಯುತ್ತವೆ.

ಸರಾಸರಿಯಿಂದ ಉಪಯೋಗವೇ ಇಲ್ಲವೆಂದಲ್ಲ. ಒಟ್ಟು ಸಮಯ, ಒಟ್ಟು ಖರ್ಚು ಲೆಕ್ಕ ಹಾಕಲು ಅದೇ ಬೇಕು. ಗ್ರಾಹಕ ಎಷ್ಟು ಕಾದ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ. ಹಾಗೆಂದು ಮಧ್ಯಾಂಕವೊಂದನ್ನೇ ತೋರಿಸುವುದೂ ಕಣ್ಣಿಗೆ ಮಣ್ಣೆರಚುವುದೇ: 168ರ ಬದಲು 600 ನಿಮಿಷವಾದರೂ ಅದು 21ರಿಂದ ಕದಲುವುದಿಲ್ಲ. ಎರಡನ್ನೂ ಜೊತೆಗಿಟ್ಟರೇ ಅರ್ಥ.

ಆರ್ಡರು ಕಡಿಮೆ ಇದ್ದಾಗಲೂ ಎಚ್ಚರ ಬೇಕು. ಮೇಲಿನ ಇಪ್ಪತ್ತನ್ನೇ ಶೀಟಿಗೆ ಹಾಕಿ `=PERCENTILE.INC(B2:B21,0.9)` ಎಂದರೆ 31 ಬರುವುದಿಲ್ಲ, 37.4 ಬರುತ್ತದೆ. ಏಕೆಂದರೆ ಅದು 31 ಮತ್ತು 95ರ ನಡುವೆ ಒಂದು ಬಿಂದುವನ್ನು ಅಂದಾಜು ಮಾಡುತ್ತದೆ. ಎಣಿಸುವ ರೀತಿ ಬದಲಾದೊಡನೆ ಉತ್ತರ ಇಷ್ಟು ಬದಲಾದರೆ, ಒಂದು ಸಂಜೆಯದಲ್ಲ, ಕೆಲವು ವಾರಗಳ ಆರ್ಡರು ಸೇರಿಸಿ ನೋಡಬೇಕೆಂದು ಅರ್ಥ. ಹತ್ತು ಅಂಗಡಿಗಳ ಪರ್ಸೆಂಟೈಲುಗಳನ್ನು ಕೂಡಿಸಿ ಹತ್ತರಿಂದ ಭಾಗಿಸುವುದಂತೂ ಬೇಡವೇ ಬೇಡ. ಹಾಗೆ ಮಾಡಿದರೆ ಹೊರಗೆ ಹಾಕಿದ ಸರಾಸರಿ ಹಿತ್ತಿಲ ಬಾಗಿಲಿಂದ ಒಳಗೆ ಬಂದಂತೆ. ಎಲ್ಲ ಆರ್ಡರುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಮತ್ತೆ ಎಣಿಸಬೇಕು.

ಆ ಸಂಜೆಯ ಪ್ರಾಮಾಣಿಕ ವರದಿಗೆ ಒಂದೇ ಸಾಲು ಸಾಕು: ‘20 ಆರ್ಡರು, ಅರ್ಧ 21 ನಿಮಿಷದೊಳಗೆ, ಹತ್ತರಲ್ಲಿ ಒಂಬತ್ತು 31ರೊಳಗೆ, ಎರಡು ಒಂದು ಗಂಟೆ ಮೀರಿ, ರದ್ದು ಇಲ್ಲ.’ ಇದನ್ನು ಓದಿದವರು ಕೇಳುವ ಮೊದಲ ಪ್ರಶ್ನೆ ‘ಆ ಎರಡು ಎಲ್ಲಿ ಸಿಕ್ಕಿಕೊಂಡವು?’ ಎಂಬುದು. ಸರಾಸರಿ ಕೇಳಗೊಡದ ಪ್ರಶ್ನೆ ಅದೇ.