ಬಾಡಿಗೆ ಕರಾರಿಗೆ ಕನ್ನಡ: ಪದ ಬದಲಾದರೆ ಹಕ್ಕೂ ಬದಲು

ಮಡಿಕೇರಿ: ಕೊಡಗಿನಲ್ಲಿ ಮನೆ ಕೊಡುವವರ ಮಾತು ಕೊಡವ ತಕ್ಕ್ ಇರಬಹುದು, ಪಡೆಯುವವರದ್ದು ಮಲಯಾಳಂ, ತುಳು ಅಥವಾ ಅರೆಭಾಷೆ ಇರಬಹುದು. ಇಬ್ಬರೂ ಓದಬಲ್ಲ ಭಾಷೆ ಹೆಚ್ಚಾಗಿ ಕನ್ನಡವೇ. ಆದರೆ ಅವರು ಸಹಿ ಹಾಕುವ ಬಾಡಿಗೆ ಕರಾರು ಅನೇಕ ಬಾರಿ ಇಂಗ್ಲಿಷ್‌ನಲ್ಲಿರುತ್ತದೆ. ಅದನ್ನು ಕನ್ನಡಕ್ಕೆ ತರಬೇಕೆಂಬ ಬೇಡಿಕೆ ನ್ಯಾಯವಾದದ್ದು. ತೊಡಕು ಇರುವುದು ಬೇರೆಡೆ. ಇಂಗ್ಲಿಷ್ ಕರಾರಿನ ಕೆಲವು ಪದಗಳಿಗೆ ಕಾನೂನು ನಿಶ್ಚಿತ ಅರ್ಥ ಕೊಟ್ಟಿದೆ. ಕನ್ನಡದಲ್ಲಿ ಅವುಗಳ ಜಾಗಕ್ಕೆ ಬರುವ ಪದಗಳಿಗೆ ಬೀದಿಯಲ್ಲಿ ಒಂದರ್ಥ, ನ್ಯಾಯಾಲಯದಲ್ಲಿ ಮತ್ತೊಂದರ್ಥ ಇರುವುದುಂಟು.

ಲೀಸ್, ಭೋಗ್ಯ, ಗುತ್ತಿಗೆ

ಮೊದಲ ಎಡವು ಶೀರ್ಷಿಕೆಯಲ್ಲೇ ಆಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮಿನ ಪ್ರಕಾರ ಲೀಸ್ ಎಂದರೆ ಪ್ರತಿಫಲಕ್ಕಾಗಿ ಸ್ಥಿರಾಸ್ತಿಯನ್ನು ಅನುಭವಿಸುವ ಹಕ್ಕಿನ ವರ್ಗಾವಣೆ. ತಿಂಗಳ ಬಾಡಿಗೆಯೂ ಇದರೊಳಗೇ ಬರುತ್ತದೆ. ಆದರೆ ರಾಜ್ಯದ ಪಟ್ಟಣಗಳಲ್ಲಿ 'ಲೀಸ್‌ಗೆ ಮನೆ' ಎಂದರೆ ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಆ ಮೊತ್ತವನ್ನು ಮರಳಿ ಪಡೆಯುವ ಏರ್ಪಾಡು. ಇದನ್ನೇ ಜನ 'ಭೋಗ್ಯ' ಎನ್ನುತ್ತಾರೆ. ಕಾನೂನಿನಲ್ಲಿ ಭೋಗ್ಯವೆಂಬುದು ಅಡಮಾನದ ಕಡೆಗೆ ವಾಲುವ ಪದ. ಸಾಲದ ಬದಲಿಗೆ ಆಸ್ತಿಯ ಸ್ವಾಧೀನ ಕೊಡುವ ಅಡಮಾನವನ್ನು ಅದೇ ಕಾಯ್ದೆಯ 58ನೇ ಕಲಮು ವಿವರಿಸಿದೆ.

ತಿಂಗಳ ಬಾಡಿಗೆಯ ಕರಾರಿಗೆ ಅನುವಾದಕನು 'ಭೋಗ್ಯದ ಕರಾರು' ಎಂದು ಹೆಸರಿಟ್ಟರೆ ಬಾಡಿಗೆದಾರನು ಸಾಲಗಾರನೊಡನೆ ವ್ಯವಹರಿಸಿದಂತೆ ಓದಲು ಅವಕಾಶವಾಗುತ್ತದೆ. 'ಗುತ್ತಿಗೆ' ಎಂದರೆ ಕಾಫಿ ತೋಟದ ಫಸಲು ಗುತ್ತಿಗೆಯೋ ಕಾಮಗಾರಿ ಗುತ್ತಿಗೆಯೋ ಎಂಬ ಗೊಂದಲ. ಮನೆಯ ಮಟ್ಟಿಗೆ 'ಬಾಡಿಗೆ ಕರಾರು' ಎಂಬುದೇ ನಿರಪಾಯ. ಮೊದಲ ಕಲಮಿನಲ್ಲಿ '105ನೇ ಕಲಮಿನ ಅರ್ಥದ ಲೀಸ್' ಎಂದು ಸೇರಿಸಿದರೆ ಸಂದೇಹ ಉಳಿಯದು.

ಲೈಸೆನ್ಸ್‌ಗೆ ಕನ್ನಡವಿಲ್ಲ

ಎರಡನೆಯ ಪದಕ್ಕೆ ಸರಿಸಮಾನವೇ ಇಲ್ಲ. ಕಾನೂನಿನಲ್ಲಿ ಲೈಸೆನ್ಸ್ ಎಂದರೆ ಮತ್ತೊಬ್ಬರ ಆಸ್ತಿಯಲ್ಲಿ ಇರಲು ಅಥವಾ ಏನನ್ನಾದರೂ ಮಾಡಲು ಮಾಲೀಕನು ಕೊಡುವ ಅನುಮತಿ. ಆಸ್ತಿಯಲ್ಲಿ ಹಿತಾಸಕ್ತಿ ಹುಟ್ಟುವುದಿಲ್ಲ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 52ನೇ ಕಲಮು ಇದನ್ನು ಹೇಳುತ್ತದೆ. ಈ ಕಾಯ್ದೆ ಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ಮದರಾಸು ಮತ್ತು ಮಧ್ಯಪ್ರಾಂತ್ಯದೊಡನೆ ಅಂದಿನ ಕೊಡಗೂ ಇತ್ತು.

'ಪರವಾನಗಿ' ಎಂದು ಬರೆದರೆ ಕೊಡಗಿನ ಓದುಗನಿಗೆ ಕೋವಿಯೋ ಪಂಚಾಯಿತಿಯ ವ್ಯಾಪಾರ ಪರವಾನಗಿಯೋ ನೆನಪಾಗುತ್ತದೆ. 'ಬಾಡಿಗೆ' ಎಂದು ಬರೆದರೆ ಇಲ್ಲದ ಹಕ್ಕನ್ನು ಕೊಟ್ಟಂತಾಗುತ್ತದೆ. ಕೆಲಸ ಇರುವವರೆಗೆ ತೋಟದ ಲೈನ್ ಮನೆಯಲ್ಲಿ ಇರಲು ಬಿಟ್ಟ ಕಾರ್ಮಿಕನಿಗೂ ಪಟ್ಟಣದ ಬಾಡಿಗೆದಾರನಿಗೂ ಇರುವ ಅಂತರ ಇಂಥದ್ದೇ. ಲೈಸೆನ್ಸನ್ನು ಸಾಮಾನ್ಯವಾಗಿ ಕೊಟ್ಟವನೇ ಹಿಂಪಡೆಯಬಹುದು. ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು, ಬೇರೆ ಕರಾರು ಇಲ್ಲದಿದ್ದರೆ, 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸು ಬೇಕು.

ಆದರೆ ಹೆಸರೊಂದರಿಂದಲೇ ಎಲ್ಲವೂ ತೀರ್ಮಾನವಾಗದು. ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ (1959) ಸುಪ್ರೀಂ ಕೋರ್ಟ್ ಕಾಗದದ ರೂಪಕ್ಕಿಂತ ಅದರ ಸಾರ ಮತ್ತು ಪಕ್ಷಗಳ ಉದ್ದೇಶ ಮುಖ್ಯವೆಂದಿತು. ಕನ್ನಡ ಪಾಠದಲ್ಲಿ 'ಪೂರ್ಣ ಸ್ವಾಧೀನ', 'ಬಾಡಿಗೆದಾರ' ಎಂಬ ಪದಗಳು ಅಲ್ಲಲ್ಲಿ ನುಸುಳಿದರೆ ಅವೇ ಮುಂದೆ ಲೀಸ್ ಪರವಾದ ವಾದಕ್ಕೆ ಆಧಾರವಾಗಬಹುದು. ಇಂಥ ಕಡೆ 'ಲೈಸೆನ್ಸ್' ಎಂಬ ಪದವನ್ನೇ ಉಳಿಸಿ, ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಬರೆದು, ಕರಾರಿನುದ್ದಕ್ಕೂ ಅದನ್ನಷ್ಟೇ ಬಳಸುವುದು ಸರಿಯಾದ ದಾರಿ.

ಮಳೆಗಾಲದ ಕಲಮು

ಕೊಡಗಿಗೆ ಅತಿ ಹತ್ತಿರದ ಪದ 'ಫೋರ್ಸ್ ಮೆಜೂರ್'. ಪಕ್ಷಗಳ ಕೈಮೀರಿದ ಘಟನೆಗಳಿಂದ ಕರಾರಿನ ಹೊಣೆ ಸಡಿಲಗೊಳ್ಳುವ ಕಲಮು ಇದು. ಇದನ್ನು 'ದೈವಾಧೀನ' ಎಂದೋ 'ಪ್ರಕೃತಿ ವಿಕೋಪ' ಎಂದೋ ಅನುವಾದಿಸುವುದು ಸುಲಭ. ಮೂಲದ ಕಲಮಿನಲ್ಲಿ ಪ್ರವಾಹ, ಭೂಕುಸಿತದೊಡನೆ ಗಲಭೆ, ಸರ್ಕಾರದ ನಿರ್ಬಂಧಗಳೂ ಸೇರಿದ್ದರೆ ಕನ್ನಡದ ಪದ ಅವುಗಳಲ್ಲಿ ಅರ್ಧವನ್ನು ಕೈಬಿಟ್ಟಿರುತ್ತದೆ. 2020ರ ಲಾಕ್‌ಡೌನ್ ಸರ್ಕಾರದ ಆದೇಶವಾಗಿತ್ತು; ಆಗ ಬಾಗಿಲು ಹಾಕಿದ ಮಳಿಗೆಯವನಿಗೆ 'ಪ್ರಕೃತಿ ವಿಕೋಪ' ಎಂಬ ಪದದಿಂದ ಆಸರೆ ಸಿಗುವುದು ಕಷ್ಟ.

2018ರ ಆಗಸ್ಟ್‌ನ ಭೂಕುಸಿತವನ್ನೇ ನೋಡಬಹುದು. ಮಕ್ಕಂದೂರು, ಜೋಡುಪಾಲದ ಕಡೆ ಮನೆಗಳು ನೆಲಸಮವಾದವು. ಮಡಿಕೇರಿ–ಸಂಪಾಜೆ ಹೆದ್ದಾರಿಯಲ್ಲಿ ಸಂಚಾರ ನಿಂತಿತು. ಅಂಥ ಸಮಯದಲ್ಲಿ ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಮಳಿಗೆಯೊಂದು ಗಟ್ಟಿಯಾಗಿ ನಿಂತಿದ್ದು, ರಸ್ತೆ ಇಲ್ಲದೆ ಎರಡು ತಿಂಗಳು ಮುಚ್ಚಿತ್ತೆಂದು ಭಾವಿಸೋಣ. 108ನೇ ಕಲಮಿನ (ಇ) ಖಂಡವು ಬೆಂಕಿ, ಬಿರುಗಾಳಿ, ಪ್ರವಾಹ ಮುಂತಾದ ತಡೆಯಲಾಗದ ಶಕ್ತಿಯಿಂದ ಆಸ್ತಿಯ ಮುಖ್ಯ ಭಾಗ ನಾಶವಾದರೆ ಅಥವಾ ಬಹುಮಟ್ಟಿಗೆ ಹಾಗೂ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ ಮಾತ್ರ ಲೀಸನ್ನು ರದ್ದೆಂದು ಪರಿಗಣಿಸುವ ಆಯ್ಕೆಯನ್ನು ಬಾಡಿಗೆದಾರನಿಗೆ ಕೊಡುತ್ತದೆ. ರಸ್ತೆ ಮುಚ್ಚಿದ್ದು ಶಾಶ್ವತವಲ್ಲ. ಕರಾರು ಅಸಾಧ್ಯವಾಯಿತೆಂಬ ಕರಾರು ಕಾಯ್ದೆಯ 56ನೇ ಕಲಮು ಜಾರಿಯಲ್ಲಿರುವ ಲೀಸ್‌ಗೆ ಅನ್ವಯಿಸದು ಎಂದು 1968ರಲ್ಲಿ ರಾಜಾ ಧ್ರುವ್ ದೇವ್ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಆ 24,000 ರೂಪಾಯಿಯ ಹೊಣೆ ಯಾರದೆಂಬುದು ಕರಾರಿನ ಮಾತಿನ ಮೇಲೆಯೇ ನಿಲ್ಲುತ್ತದೆ.

ಮೂಲದಲ್ಲಿ 'ಬಾಡಿಗೆ ಅಮಾನತು' ಎಂದಿದ್ದು ಕನ್ನಡದಲ್ಲಿ 'ಬಾಡಿಗೆ ಮನ್ನಾ' ಎಂದಾದರೆ ಮಾಲೀಕನಿಗೆ ನಷ್ಟ. ಅಮಾನತಾದ ಬಾಡಿಗೆ ಮುಂದೆ ಸಂದಾಯವಾಗಬೇಕೇ ಎಂಬುದನ್ನು ಮೂಲವೇ ಸ್ಪಷ್ಟಪಡಿಸದಿದ್ದರೆ ಅನುವಾದಕನು ಅದನ್ನು ತಾನೇ ತೀರ್ಮಾನಿಸಬಾರದು. ಅಸ್ಪಷ್ಟತೆಯನ್ನು ಗುರುತಿಸಿ ಎರಡೂ ಪಕ್ಷಗಳ ಮುಂದಿಡಬೇಕು. ಉತ್ತರ ಸಹಿಗೆ ಮೊದಲೇ ಬರಬೇಕು.

ಬೂಷ್ಟು ಯಾರ ಲೆಕ್ಕಕ್ಕೆ?

ಮನೆ ಬಿಡುವಾಗ ಜಗಳ ಹುಟ್ಟುವುದು ಮುಂಗಡದ ಮೇಲೆ. ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ 'ರೀಸನಬಲ್ ವೇರ್ ಅಂಡ್ ಟೇರ್' ಮತ್ತು ತಡೆಯಲಾಗದ ಶಕ್ತಿಯಿಂದಾದ ಬದಲಾವಣೆಗೆ ವಿನಾಯಿತಿ ಎನ್ನುತ್ತದೆ 108ನೇ ಕಲಮಿನ (ಎಂ) ಖಂಡ. ಕನ್ನಡದಲ್ಲಿ 'ಸವಕಳಿ' ಎಂದಷ್ಟೇ ಬರೆದರೆ 'ರೀಸನಬಲ್' ಎಂಬ ಮಿತಿ ಕಾಣೆಯಾಗುತ್ತದೆ. 'ಸಾಮಾನ್ಯ ಬಳಕೆಯಿಂದಾದ ಯುಕ್ತ ಸವಕಳಿ' ಎಂಬುದು ಮೂಲಕ್ಕೆ ಹತ್ತಿರ. ತಿಂಗಳುಗಟ್ಟಲೆ ಮಳೆಯ ಊರಿನಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ಈ ಮಿತಿಯೊಳಗೋ ಹೊರಗೋ ಎಂಬುದನ್ನು ಬಯಸಿದರೆ ಪಕ್ಷಗಳು ಪ್ರತ್ಯೇಕ ಕಲಮಾಗಿ ಸೇರಿಸಬೇಕು. ಅನುವಾದದಲ್ಲಿ ಅದನ್ನು ಒಳಸೇರಿಸುವಂತಿಲ್ಲ.

ಕ್ರಿಯಾಪದ ಮತ್ತು ಕೊನೆಯ ಕಲಮು

ಕಡ್ಡಾಯಕ್ಕೆ 'ತಕ್ಕದ್ದು', ಆಯ್ಕೆಗೆ 'ಬಹುದು' ಎಂಬ ನಿಯಮವನ್ನು ಮುರಿಯಬಾರದು. ಒಂದು ವರ್ಷ ಮೀರಿದ ಲೀಸ್‌ಗೆ ನೋಂದಣಿ ಕಡ್ಡಾಯವಾದ್ದರಿಂದ 11 ತಿಂಗಳ ಕರಾರು ರೂಢಿಯಲ್ಲಿದೆ. 'ನವೀಕರಿಸಬಹುದು' ಎಂದಿದ್ದದ್ದು 'ನವೀಕರಿಸತಕ್ಕದ್ದು' ಎಂದಾದರೆ 12ನೇ ತಿಂಗಳ ಚಿತ್ರವೇ ಬೇರೆ.

ಕೆಲಸದ ಕ್ರಮ ಸರಳ: ಕಲಮಿಗೊಂದು ಸಂಖ್ಯೆ, ಪದಕ್ಕೊಂದೇ ಪದ, ಸಮಾನವಿಲ್ಲದ ಪದಗಳ ಪಟ್ಟಿ ಅನುಬಂಧದಲ್ಲಿ. ನಂತರ ಮೂಲ ನೋಡದ ಮತ್ತೊಬ್ಬರಿಂದ ಕನ್ನಡ ಪಾಠವನ್ನು ಇಂಗ್ಲಿಷ್‌ಗೆ ಮರಳಿಸಿದರೆ ಅರ್ಥ ಎಲ್ಲಿ ಜಾರಿದೆಯೆಂದು ಗೊತ್ತಾಗುತ್ತದೆ. ಎರಡು ಪಾಠಗಳು ಭಿನ್ನವಾದರೆ ಯಾವುದು ಊರ್ಜಿತವೆಂಬ ಕಲಮು ಎರಡರಲ್ಲೂ ಇರಬೇಕು. ಇಂಗ್ಲಿಷ್ ಪಾಠವೇ ಊರ್ಜಿತ ಎಂದು ಅದರಲ್ಲಿದ್ದರೆ, ಕನ್ನಡ ಮಾತ್ರ ಓದಬಲ್ಲ ಬಾಡಿಗೆದಾರನು ತಾನು ಓದಿದ್ದಕ್ಕಲ್ಲದೆ ಓದದ ಪಾಠಕ್ಕೆ ಬದ್ಧನಾಗುತ್ತಾನೆ. ಸಹಿಗೆ ಮೊದಲು ಅವನು ನೋಡಬೇಕಾದ ಕಲಮು ಅದು.