ಕಾಲೇಜು ಬಿಡುವ ಪತ್ರ: ತಾರೀಖಿಗೇ ಬೆಲೆ

ಶಿವಗಂಗೆ ಬೆಟ್ಟದ ಬುಡದ ಊರುಗಳಲ್ಲಿ ಎರಡು ಬಗೆಯ ಮನೆಗಳಿವೆ. ತಲೆಮಾರುಗಳಿಂದ ಅಲ್ಲೇ ಇರುವವರ ಮನೆಗಳು ಒಂದು ಬಗೆ. ದಾಬಸ್‌ಪೇಟೆ, ಸೋಂಪುರ ಕೈಗಾರಿಕಾ ಪ್ರದೇಶದ ಕೆಲಸ ನಂಬಿ ಬಂದವರ ಬಾಡಿಗೆ ಮನೆಗಳು ಇನ್ನೊಂದು ಬಗೆ. ಎರಡನೆಯವರು ಊರು ಬಿಡಬೇಕಾದಾಗ ಮನೆಯ ಸಾಮಾನನ್ನು ಲಾರಿಗೆ ಹೇರಿಬಿಡಬಹುದು. ಮಕ್ಕಳ ಕಾಲೇಜನ್ನು ಹಾಗೆ ಹೇರಲು ಆಗುವುದಿಲ್ಲ. ಕಟ್ಟಿದ ಫೀಸು ಮತ್ತು ಒಪ್ಪಿಸಿದ ಮೂಲ ಅಂಕಪಟ್ಟಿ, ಎರಡೂ ಕಾಲೇಜಿನ ಬೀರುವಿನಲ್ಲಿ ಉಳಿದುಬಿಡುತ್ತವೆ. ಅವನ್ನು ಹೊರಗೆ ತರುವುದು ಒಂದು ಪುಟದ ಪತ್ರ. ಆ ಪತ್ರದಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಅದು ಯಾವ ದಿನ ಕಾಲೇಜಿಗೆ ಮುಟ್ಟಿತು ಎನ್ನುವುದೇ ಹೆಚ್ಚು ಮುಖ್ಯ. ಇದು ತಿಳಿಯದೆ ಹಣ ಕಳೆದುಕೊಳ್ಳುವವರೇ ಹೆಚ್ಚು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶಿವಗಂಗೆಯ ಒಬ್ಬ ಹುಡುಗಿ ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದ್ದಾಳೆ. ಫೀಸು 42,000 ರೂಪಾಯಿ, ಅದರ ಜೊತೆಗೆ ಕಾಷನ್ ಡೆಪಾಸಿಟ್ 3,000. ಪ್ರವೇಶಕ್ಕೆ ಕೊನೆಯ ದಿನ ಜುಲೈ 31 ಎಂದು ಪ್ರಕಟವಾಗಿದೆ. ಆಗಸ್ಟ್ 5ರಂದು ಅಪ್ಪನಿಗೆ ಧಾರವಾಡದ ಘಟಕಕ್ಕೆ ವರ್ಗವಾಗಿದೆ ಎಂದು ಕಂಪನಿ ಹೇಳುತ್ತದೆ. ಆಗಸ್ಟ್ 8ರಂದು ಹುಡುಗಿ ಕಾಲೇಜಿನ ಕಚೇರಿಗೆ ಹೋಗಿ ವಿಷಯ ತಿಳಿಸುತ್ತಾಳೆ. ಗುಮಾಸ್ತರು ಒಳ್ಳೆಯ ಮಾತಿನಲ್ಲೇ, "ಹಬ್ಬ, ರಜೆ ಎಲ್ಲಾ ಮುಗೀಲಮ್ಮ, ನಿಮ್ಮಪ್ಪನ್ನ ಕರ್ಕೊಂಡು ಬಾ" ಅನ್ನುತ್ತಾರೆ. ಅಪ್ಪನಿಗೆ ಬಿಡುವಾಗುವುದು 19ಕ್ಕೆ. ಅವತ್ತು ಪತ್ರ ಕೊಡುತ್ತಾರೆ.

ಇಲ್ಲಿ ನಷ್ಟವಾದದ್ದು ಎಲ್ಲಿ ಎಂದು ನೋಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರ ಅಕ್ಟೋಬರ್‌ನಲ್ಲಿ ಫೀಸು ವಾಪಸಾತಿ ಮತ್ತು ಮೂಲ ಪ್ರಮಾಣಪತ್ರಗಳ ಬಗ್ಗೆ ಒಂದು ಅಧಿಸೂಚನೆ ಹೊರಡಿಸಿತು. ವಿಶ್ವವಿದ್ಯಾಲಯಗಳಿಗೂ ಅವುಗಳಿಗೆ ಸಂಯೋಜಿತವಾದ ಕಾಲೇಜುಗಳಿಗೂ ಅದು ಅನ್ವಯಿಸುತ್ತದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಡುವುದಾಗಿ ತಿಳಿಸಿದರೆ ಪೂರ್ತಿ ಫೀಸು ವಾಪಸ್, ಅದರಲ್ಲಿ ಹೆಚ್ಚೆಂದರೆ ಶೇ 5ರಷ್ಟು, ಅದೂ 5,000 ರೂಪಾಯಿ ಮೀರದಂತೆ, ಕಚೇರಿ ಖರ್ಚೆಂದು ಹಿಡಿಯಬಹುದು. ಕೊನೆಯ ದಿನ ಹತ್ತಿರವಾದ ಮೇಲೆ ತಿಳಿಸಿದರೆ ಶೇ 90. ಕೊನೆಯ ದಿನ ಕಳೆದು 15 ದಿನಗಳೊಳಗಾದರೆ ಶೇ 80. ಅಲ್ಲಿಂದ ಮುಂದೆ, 30 ದಿನಗಳೊಳಗಾದರೆ ಶೇ 50. ಅದೂ ದಾಟಿದರೆ ಏನೂ ಇಲ್ಲ.

ನಮ್ಮ ಹುಡುಗಿಯ ಲೆಕ್ಕದಲ್ಲಿ ಶೇ 80ರ ಗಡುವು ಆಗಸ್ಟ್ 15ಕ್ಕೆ ಮುಗಿಯುತ್ತದೆ. ಅಂದು ಸ್ವಾತಂತ್ರ್ಯ ದಿನ, ಕಚೇರಿ ಪತ್ರ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಿಜವಾದ ಗಡುವು 14ರ ಸಂಜೆಗೇ ಮುಗಿದಿತ್ತು. ಆಗಸ್ಟ್ 8ರಂದು ಬಾಯಲ್ಲಿ ಹೇಳಿದ್ದನ್ನೇ ಕಾಗದದಲ್ಲಿ ಬರೆದು ಕೊಟ್ಟು ಸೀಲು ಹಾಕಿಸಿಕೊಂಡಿದ್ದರೆ 33,600 ಬರುತ್ತಿತ್ತು. 19ಕ್ಕೆ ಕೊಟ್ಟದ್ದರಿಂದ 21,000. ಹನ್ನೊಂದು ದಿನದ ಸೌಜನ್ಯಕ್ಕೆ 12,600 ರೂಪಾಯಿ ಹೋಯಿತು. ಕಾಷನ್ ಡೆಪಾಸಿಟ್ ಮಾತ್ರ ಈ ಶೇಕಡಾವಾರು ಲೆಕ್ಕಕ್ಕೆ ಸೇರುವುದೇ ಇಲ್ಲ. ಅದು ಫೀಸಲ್ಲ, ಠೇವಣಿ. ಯಾವ ದಿನ ಬಿಟ್ಟರೂ ಆ 3,000 ಪೂರ್ತಿ ವಾಪಸಾಗಬೇಕು. ಎಷ್ಟೋ ಮನೆಯವರು ಇದನ್ನು ಕೇಳುವುದೇ ಇಲ್ಲ.

ಆದರೆ ಈ ಲೆಕ್ಕ ಹಾಕುವ ಮೊದಲು ಇನ್ನೊಂದು ಕೆಲಸವಿದೆ. ಕೋವಿಡ್ ನಂತರ ಪ್ರವೇಶದ ವೇಳಾಪಟ್ಟಿಗಳು ಏರುಪೇರಾದವು. ಒಂದು ಕಡೆ ಫೀಸು ಕಟ್ಟಿದ ಮೇಲೆ ಇನ್ನೊಂದು ಕಡೆ ಸೀಟು ಸಿಗುವುದು ಸಾಮಾನ್ಯವಾಯಿತು. ಆಗ ಯುಜಿಸಿ ವರ್ಷಕ್ಕೊಂದು ವಿಶೇಷ ಸುತ್ತೋಲೆ ಹೊರಡಿಸಿತು. 2024-25ರ ಸಾಲಿಗೆ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಫೀಸು, ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದು ಉಳಿದದ್ದು ಎಂದು ಹೇಳಿತ್ತು. ಅದರ ಹಿಂದಿನ ವರ್ಷವೂ ಇದೇ ತಾರೀಖುಗಳಿದ್ದವು. ಆ ವರ್ಷಗಳಲ್ಲಾಗಿದ್ದರೆ ನಮ್ಮ ಹುಡುಗಿ 19ಕ್ಕೆ ಪತ್ರ ಕೊಟ್ಟರೂ 42,000 ಪೂರ್ತಿ ಸಿಗಬೇಕಿತ್ತು. ಆದ್ದರಿಂದ ಮೊದಲು ಯುಜಿಸಿ ಜಾಲತಾಣದಲ್ಲಿ ನಿಮ್ಮ ಸಾಲಿನ ಸುತ್ತೋಲೆ ಇದೆಯೇ ನೋಡಿ. ಇದ್ದರೆ ಅದೇ ಆಧಾರ, ಇಲ್ಲದಿದ್ದರೆ 2018ರದ್ದು. ಎಂಜಿನಿಯರಿಂಗ್, ಎಂ.ಬಿ.ಎ. ಮೊದಲಾದವು ಎಐಸಿಟಿಇ ವ್ಯಾಪ್ತಿಗೆ ಬರುತ್ತವೆ. 2024-25ರಿಂದ ಬಿ.ಸಿ.ಎ., ಬಿ.ಬಿ.ಎ. ಕೂಡ ಅಲ್ಲಿಗೆ ಸೇರಿವೆ, ಅದರ ನಿಯಮ ಬೇರೆ. ಸಿಇಟಿ ಮೂಲಕ ಸೀಟು ಪಡೆದವರು ಕೆಇಎ ನಿಯಮವನ್ನೂ ನೋಡಬೇಕು. ಪಿಯು, ಐಟಿಐಗೆ ಯುಜಿಸಿಯ ಈ ಮಾತು ತಾಗುವುದಿಲ್ಲ.

ಇನ್ನು ಪತ್ರದ ವಿಚಾರ. ನಮ್ಮವರು ಬರೆಯುವ ಪತ್ರಗಳಲ್ಲಿ ಮುಕ್ಕಾಲು ಪಾಲು ಕಷ್ಟದ ಕಥೆ ಇರುತ್ತದೆ, "ದಯವಿಟ್ಟು ಕೃಪೆ ತೋರಬೇಕು" ಎಂಬ ಬೇಡಿಕೆ ಇರುತ್ತದೆ. ಬಿಡುವ ಕಾರಣವನ್ನು ನಿಯಮ ಕೇಳುವುದೇ ಇಲ್ಲ. ಸಂಸಾರ ಊರು ಬಿಡುತ್ತಿದೆ ಎಂಬುದಕ್ಕೆ ಒಂದು ವಾಕ್ಯ ಸಾಕು. ದಾಖಲೆ ಲಗತ್ತಿಸಬೇಕಾದ್ದು 30 ದಿನ ದಾಟಿದಾಗ ಮಾತ್ರ. ಆಗ ನಿಯಮದ ಬಲ ಇರುವುದಿಲ್ಲ, ಆಡಳಿತ ಮಂಡಳಿಯ ಮನಸ್ಸು ಕರಗಬೇಕು, ಅದಕ್ಕೆ ವರ್ಗಾವಣೆ ಆದೇಶದ ಪ್ರತಿ ನೆರವಾದೀತು. ಗಡುವಿನೊಳಗಿನ ಪತ್ರ ಹೀಗಿದ್ದರೆ ಸಾಕು:

"ಮಾನ್ಯರೇ, ನಾನು ತಮ್ಮ ಕಾಲೇಜಿನಲ್ಲಿ ಪ್ರಥಮ ಬಿ.ಕಾಂ. ವಿದ್ಯಾರ್ಥಿನಿ. ಪ್ರವೇಶ ಸಂಖ್ಯೆ ಮತ್ತು ರಸೀದಿ ಸಂಖ್ಯೆಯನ್ನು ಕೆಳಗೆ ಕೊಟ್ಟಿದ್ದೇನೆ. ತಂದೆಯವರಿಗೆ ವರ್ಗವಾಗಿ ನಮ್ಮ ಕುಟುಂಬ ಧಾರವಾಡಕ್ಕೆ ಹೋಗುತ್ತಿರುವುದರಿಂದ, ಈ ದಿನದಿಂದಲೇ ನನ್ನ ಪ್ರವೇಶವನ್ನು ರದ್ದು ಮಾಡಬೇಕೆಂದು ತಿಳಿಸುತ್ತಿದ್ದೇನೆ. ಯುಜಿಸಿ ನಿಯಮದಂತೆ ನನಗೆ ಸಲ್ಲಬೇಕಾದ ಫೀಸನ್ನೂ ಕಾಷನ್ ಡೆಪಾಸಿಟ್ 3,000 ರೂಪಾಯಿಯನ್ನೂ ಕೆಳಗಿನ ಬ್ಯಾಂಕ್ ಖಾತೆಗೆ 15 ದಿನಗಳೊಳಗೆ ಜಮಾ ಮಾಡಬೇಕು. ನಾನು ಒಪ್ಪಿಸಿದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯ ಮೂಲ ಅಂಕಪಟ್ಟಿಗಳನ್ನು ಹಿಂತಿರುಗಿಸಿ, ವರ್ಗಾವಣೆ ಪತ್ರ ನೀಡಬೇಕು. ಯಾವುದಾದರೂ ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು."

'ಈ ದಿನದಿಂದಲೇ' ಎಂಬ ಮಾತು ಇರಲೇಬೇಕು. 'ಬಿಡಬೇಕೆಂದಿದ್ದೇನೆ' ಎಂದು ಬರೆದರೆ ಅದು ಬರೀ ಆಲೋಚನೆ ಎಂದು ಪಕ್ಕಕ್ಕಿಡಬಹುದು. ಹದಿನೈದು ದಿನ ಎಂದು ಬರೆದದ್ದು ನಮ್ಮ ಆತುರವಲ್ಲ, ಅರ್ಜಿ ಮುಟ್ಟಿದ 15 ದಿನಗಳೊಳಗೆ ಹಣ ಕೊಡಬೇಕೆಂದು ಅಧಿಸೂಚನೆಯೇ ಹೇಳುತ್ತದೆ. ಕೊನೆಯ ವಾಕ್ಯವೂ ಬೇಕು. ತಾಲ್ಲೂಕು ಕಚೇರಿಯಲ್ಲಿ ನಾವು ಹಿಂಬರಹ ಕೇಳುತ್ತೇವಲ್ಲ, ಇದೂ ಹಾಗೇ. ಆಗುವುದಿಲ್ಲ ಎಂದು ಬರೆದು ಕೊಟ್ಟ ಕಾಗದ ಮುಂದಿನ ದೂರಿಗೆ ಆಧಾರವಾಗುತ್ತದೆ.

ಪತ್ರದ ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಟಪಾಲಿನವರು ಒಪ್ಪದಿದ್ದರೆ ಅಲ್ಲಿ ವಾದಿಸುತ್ತಾ ನಿಲ್ಲುವುದು ಬೇಡ. ಅಂದೇ ಅಂಚೆ ಕಚೇರಿಗೆ ಹೋಗಿ ಪ್ರಾಂಶುಪಾಲರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅದೇ ಪತ್ರವನ್ನು ಕಾಲೇಜಿನ ಇ-ಮೇಲಿಗೂ ಕಳಿಸಿ. ಫೋನಿನಲ್ಲಿ ಹೇಳಿದ್ದು, ಲೆಕ್ಚರರಿಗೆ ವಾಟ್ಸಾಪ್ ಮಾಡಿದ್ದು ಗಡುವಿನ ಲೆಕ್ಕಕ್ಕೆ ಬರುತ್ತದೆಂದು ನಂಬಿ ಕೂರಬೇಡಿ.

ಅಂಕಪಟ್ಟಿಯ ಬೇಡಿಕೆ ಹಣದ ಬೇಡಿಕೆಗಿಂತ ಬೇರೆ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕಾಲೇಜುಗಳು ಎರಡನ್ನೂ ಗಂಟು ಹಾಕುತ್ತವೆ. "ಮೂರು ವರ್ಷದ ಫೀಸು ಕಟ್ಟಿ, ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ" ಎಂಬ ಮಾತು ಈಗಲೂ ಕೇಳಿಬರುತ್ತದೆ. ಪ್ರವೇಶದ ಸಮಯದಲ್ಲಿ ಮೂಲ ಪ್ರಮಾಣಪತ್ರಗಳನ್ನು ವಿದ್ಯಾರ್ಥಿಯ ಎದುರೇ ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು, ಸ್ವಯಂದೃಢೀಕೃತ ನಕಲು ಮಾತ್ರ ಇಟ್ಟುಕೊಳ್ಳಬೇಕು ಎಂದು 2018ರ ಅಧಿಸೂಚನೆ ಹೇಳಿದೆ. ಅಂದರೆ ಅವು ಬೀರುವಿನಲ್ಲಿ ಇರಲೇಬಾರದಿತ್ತು. ಮುಂದಿನ ವರ್ಷಗಳ ಫೀಸಿನ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದೂ ನಮ್ಮ ರಾಜ್ಯದ ಹೆಸರು ಹೊತ್ತ ಪ್ರಕರಣದಲ್ಲೇ. 2003ರ ಇಸ್ಲಾಮಿಕ್ ಅಕಾಡೆಮಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ತೀರ್ಪಿನಲ್ಲಿ, ಸಂಸ್ಥೆಗಳು ಒಂದು ಸೆಮಿಸ್ಟರಿನ ಅಥವಾ ಒಂದು ವರ್ಷದ ಫೀಸನ್ನಷ್ಟೇ ಮುಂಗಡ ಪಡೆಯಬಹುದು ಎಂದು ಕೋರ್ಟು ಹೇಳಿತು. ಅದೇ ತೀರ್ಪು, ವಿದ್ಯಾರ್ಥಿ ನಡುವೆ ಬಿಟ್ಟುಹೋಗಬಹುದೆಂಬ ಅನುಮಾನವಿದ್ದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು ಎಂದೂ ಹೇಳಿದೆ. ಆದ್ದರಿಂದ ಪ್ರವೇಶದ ದಿನ ಯಾವ ಕಾಗದಕ್ಕೆ ಸಹಿ ಮಾಡಿದ್ದೀರಿ ಎಂದು ಒಮ್ಮೆ ತೆಗೆದು ಓದಿ.

ಕಾಲೇಜಿನ ಕಡೆಯ ಕಷ್ಟ ಸುಳ್ಳಲ್ಲ. ಖಾಲಿಯಾದ ಸೀಟು ಆಗಸ್ಟ್ ಕೊನೆಯಲ್ಲಿ ತುಂಬುವುದಿಲ್ಲ, ಉಪನ್ಯಾಸಕರ ಸಂಬಳ ನಿಲ್ಲುವುದಿಲ್ಲ. ಆ ನಷ್ಟಕ್ಕೆಂದೇ ಶೇ 80, ಶೇ 50ರ ಮೆಟ್ಟಿಲುಗಳಿವೆ. ಅದಕ್ಕೆ ಮೀರಿ ಹುಡುಗಿಯ ಪಿಯುಸಿ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಹಣ ತಡವಾದರೆ ಮನೆ ಹೇಗೋ ತಡೆದುಕೊಳ್ಳುತ್ತದೆ. ಅಂಕಪಟ್ಟಿ ತಡವಾದರೆ ಧಾರವಾಡದಲ್ಲಿ ಪ್ರವೇಶ ಮುಗಿದು ಒಂದು ವರ್ಷವೇ ಹೋಗುತ್ತದೆ.

ಮೂಲ ಪ್ರತಿ ಕೈಗೆ ಬರುವವರೆಗೆ ಡಿಜಿಲಾಕರ್‌ನಲ್ಲಿರುವ ಅಂಕಪಟ್ಟಿ ತೋರಿಸಿ ಹೊಸ ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಸೇರಿಸಿಕೊಳ್ಳಲು ಕೇಳಬಹುದು. ಟಿ.ಸಿ.ಗೆ ಮಾತ್ರ ಬದಲಿ ಇಲ್ಲ. ಪಿಯು ಕಾಲೇಜು ಕೊಟ್ಟ ಟಿ.ಸಿ. ಈಗಿನ ಕಾಲೇಜಿಗೆ ಸೇರಿಹೋಗಿದೆ, ಹೊಸದನ್ನು ಇವರೇ ಬರೆದುಕೊಡಬೇಕು. ಇದರ ಜೊತೆಗೆ ಯುಯುಸಿಎಂಎಸ್ ತಂತ್ರಾಂಶದಲ್ಲಿ ಹಳೆಯ ಪ್ರವೇಶ ರದ್ದಾಗಿದೆಯೇ ಎಂದು ಕಚೇರಿಯಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ರಾಜ್ಯದ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ ಅದರಲ್ಲೇ ನಡೆಯುವುದರಿಂದ, ಹೆಸರು ತುಮಕೂರಿನಲ್ಲೇ ಉಳಿದಿದ್ದರೆ ಧಾರವಾಡದವರಿಗೆ ತೊಡಕಾಗಬಹುದು.

ಹದಿನೈದು ದಿನ ಕಳೆದರೂ ಉತ್ತರ ಬಾರದಿದ್ದರೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ಬರೆಯಿರಿ. 2023ರ ಯುಜಿಸಿ ನಿಯಮಾವಳಿಯಂತೆ ಆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಯುಜಿಸಿಯ ಇ-ಸಮಾಧಾನ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಗ್ರಾಹಕರ ಆಯೋಗಕ್ಕೆ ಹೋಗಿ ಎಂದು ಸಲಹೆ ಕೊಡುವವರಿದ್ದಾರೆ. ಆದರೆ ಶಿಕ್ಷಣ ಸರಕಲ್ಲ, ವಿದ್ಯಾರ್ಥಿ ಗ್ರಾಹಕನಲ್ಲ ಎಂದು ಸುಪ್ರೀಂ ಕೋರ್ಟು ಹಿಂದೆ ಹೇಳಿರುವುದರಿಂದ ಆ ದಾರಿ ಗಟ್ಟಿಯಲ್ಲ, ಮೊದಲು ಅದನ್ನೇ ಹಿಡಿಯಬೇಡಿ.

ಕಡೆಗೆ ಅಂಕಪಟ್ಟಿ ಕೊಡುವ ದಿನ ಕಚೇರಿಯವರು ಒಂದು ಪುಸ್ತಕ ಚಾಚಿ ಸಹಿ ಕೇಳುತ್ತಾರೆ. ಆ ಸಾಲಿನಲ್ಲಿ 'ಕಾಲೇಜಿನಿಂದ ಯಾವುದೇ ಬಾಕಿ ಇಲ್ಲ' ಎಂದು ಅಚ್ಚಾಗಿದೆಯೇ ನೋಡಿ. ಹಣ ಇನ್ನೂ ಖಾತೆಗೆ ಬಂದಿಲ್ಲದಿದ್ದರೆ ಪಕ್ಕದಲ್ಲೇ 'ಮೂಲ ಅಂಕಪಟ್ಟಿ 2, ಟಿ.ಸಿ. 1 ಮಾತ್ರ ಪಡೆದಿದ್ದೇನೆ, ಫೀಸು ಬರಬೇಕಿದೆ' ಎಂದು ಕೈಯಲ್ಲಿ ಬರೆದು, ಅದರ ಕೆಳಗೆ ತಾರೀಖು ಹಾಕಿ ಸಹಿ ಮಾಡಿ.