ಕಬ್ಬಿಣದ ಮಾತ್ರೆಗೆ ಮುಂಚೆ ರಕ್ತಪರೀಕ್ಷೆ ಬೇಕೇ?

ಮುಟ್ಟಿನಲ್ಲಿ ವಿಪರೀತ ರಕ್ತ ಹೋಗಿ, ಮುಖ ಬಿಳಿಚಿಕೊಂಡು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹೆಣ್ಣುಮಗಳು ಮೊದಲು ಏನು ಮಾಡಬೇಕು? ರಕ್ತಪರೀಕ್ಷೆಯೋ, ಊಟ-ಮಾತ್ರೆಯೋ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ರಕ್ತಹೀನತೆ ಇದೆ. ಹೀಗಾಗಿ ಇದು ಮನೆಮನೆಯ ಪ್ರಶ್ನೆ. ಇಬ್ಬರನ್ನು ಕೇಳಿದೆವು.

ಪರ: ತಾಲ್ಲೂಕು ಕೇಂದ್ರವೊಂದರ ಸ್ತ್ರೀರೋಗ ತಜ್ಞೆ

ಹೊಲಿಗೆ ಕೆಲಸ ಮಾಡುವ 34ರ ಹೆಣ್ಣುಮಗಳೊಬ್ಬಳು ಬಂದಿದ್ದಳು. ತನಗೆ ಸುಸ್ತು ಎಂದಷ್ಟೇ ಹೇಳಿದಳು. ಮುಟ್ಟು ಎಷ್ಟು ದಿನ ಎಂದರೆ "ಎಲ್ಲರ ಹಾಗೆ" ಎಂದಳು. ಬಿಡಿಸಿ ಕೇಳಿದ ಮೇಲೆ ಗೊತ್ತಾದದ್ದು: ಎಂಟು ದಿನ ಸ್ರಾವ, ಮೊದಲ ಮೂರು ದಿನ ಎರಡೆರಡು ಪ್ಯಾಡ್, ರಾತ್ರಿ ಎದ್ದು ಬದಲಿಸಬೇಕು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು. ಅಮ್ಮನಿಗೂ ಹಾಗೇ ಇತ್ತಂತೆ, ಅದಕ್ಕೇ ಅದು ಅವಳಿಗೆ ಹೆಚ್ಚು ಅನ್ನಿಸಿರಲಿಲ್ಲ. ನಾಚುತ್ತ ಇನ್ನೊಂದು ಮಾತು ಹೇಳಿದಳು: ಹಸಿ ಅಕ್ಕಿ ತಿನ್ನದೆ ಇರಲಾಗುತ್ತಿಲ್ಲ. ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನುವ ಚಪಲ ಕಬ್ಬಿಣ ಕಡಿಮೆಯಾದಾಗ ಬರುವುದುಂಟು. ಅದನ್ನು ಕೆಟ್ಟ ಅಭ್ಯಾಸ ಎಂದು ಮನೆಯವರು ಗದರುತ್ತಾರೆ.

ಹಿಮೋಗ್ಲೋಬಿನ್ 8.6 ಬಂತು. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. ಕೆಂಪುಕಣಗಳ ಗಾತ್ರ ಬಹಳ ಚಿಕ್ಕದಿತ್ತು. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಬರೀ 6. ಅದು 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಖಾಲಿ ಎಂದೇ ಅರ್ಥ. ಸ್ಕ್ಯಾನ್ ಮಾಡಿದರೆ ಗರ್ಭಕೋಶದಲ್ಲಿ ಗಡ್ಡೆ. ಬರೀ ಮಾತ್ರೆ ಕೊಟ್ಟು ಕಳಿಸಿದ್ದರೆ ಆ ಗಡ್ಡೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತಿಂಗಳು ಪೂರ್ತಿ ತುಂಬಿದ್ದು ಎಂಟು ದಿನದಲ್ಲಿ ಹರಿದುಹೋಗುತ್ತಿತ್ತು.

ಅವಳ ಜೊತೆ ಬಂದಿದ್ದ ಅತ್ತೆ, ರಾಗಿ ಮುದ್ದೆ ತಿಂದರೆ ಸಾಲದೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಚೆನ್ನಾಗಿರುವ ರಕ್ತ ನೂರು ಮಿಲಿಲೀಟರ್ ಹೋದರೆ ಅದರ ಜೊತೆ ಸುಮಾರು 40 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿರುವುದು ನಾಲ್ಕೂವರೆ ಮಿಲಿಗ್ರಾಂ ಆಸುಪಾಸು. ಅದರಲ್ಲಿ ಹತ್ತನೆಯ ಒಂದು ಪಾಲು ಕರುಳಿಗೆ ದಕ್ಕಿದರೂ ಅರ್ಧ ಮಿಲಿಗ್ರಾಂ ಕೂಡ ಆಗಲಿಲ್ಲ. ಹೋದದ್ದನ್ನಷ್ಟೇ ತುಂಬಲು ತಿಂಗಳೆಲ್ಲ ದಿನಕ್ಕೆ ಮೂರು ಮುದ್ದೆ ಬೇಕು, ದಾಸ್ತಾನಿಗೆ ಒಂದು ಚೂರೂ ಉಳಿಯುವುದಿಲ್ಲ. ರಾಗಿಯನ್ನು ನಾನು ಬಿಡಿಸುವುದಿಲ್ಲ. ಆದರೆ ಹಿಮೋಗ್ಲೋಬಿನ್ 8ಕ್ಕಿಳಿದವಳನ್ನು ಬರೀ ಊಟದಲ್ಲಿ ಮೇಲೆತ್ತಲು ಆಗುವುದಿಲ್ಲ.

ಪರೀಕ್ಷೆಯಿಲ್ಲದೆ ಆಗುವ ಇನ್ನೊಂದು ಅನ್ಯಾಯ ಇದೆ. ಕಾಲೇಜು ಹುಡುಗಿಯೊಬ್ಬಳಿಗೆ ಹಿಮೋಗ್ಲೋಬಿನ್ 11 ಎಂದು ವರ್ಷಗಟ್ಟಲೆ ಕಬ್ಬಿಣ ಕೊಟ್ಟಿದ್ದರು, ಅದು ಮೇಲೇರಲೇ ಇಲ್ಲ. ಅವಳ ಕೆಂಪುಕಣಗಳು ಚಿಕ್ಕವು, ಎಣಿಕೆ ಮಾತ್ರ ಜಾಸ್ತಿ. ಫೆರಿಟಿನ್ ಸರಿಯಾಗಿತ್ತು. ಅದು ಹುಟ್ಟಿನಿಂದ ಬಂದ ಥಲಸ್ಸೇಮಿಯಾ ಗುಣ. ಅವಳಿಗೆ ಬೇಕಿದ್ದದ್ದು ಮಾತ್ರೆಯಲ್ಲ. ಮದುವೆಯಾಗುವ ಹುಡುಗನಲ್ಲೂ ಅದೇ ಗುಣ ಇದೆಯೇ ಎಂದು ನೋಡಿಸಿಕೊಳ್ಳಬೇಕೆಂಬ ತಿಳಿವಳಿಕೆ.

ವಿರೋಧ: ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ

ಮೇಡಂ ಹೇಳಿದ್ದು ಆಸ್ಪತ್ರೆಯ ಬಾಗಿಲು ದಾಟಿ ಒಳಗೆ ಬಂದವಳ ಕಥೆ. ನಾನು ಕೆಲಸ ಮಾಡಿದ್ದು ಬಾರದವಳ ಮನೆಯಲ್ಲಿ. ಪರೀಕ್ಷೆಗೆ ಹೋಗು ಎಂದರೆ ಅವಳಿಗೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ವರದಿ ತರಲು ಇನ್ನೊಂದು ದಿನ. ಅಷ್ಟರಲ್ಲಿ ಕಳೆ ತೆಗೆಯುವ ಕೆಲಸ ಬಂದರೆ ಮುಗಿಯಿತು, ಅವಳು ಆ ಕಡೆ ತಲೆ ಹಾಕುವುದಿಲ್ಲ.

ಸರ್ಕಾರವೇ ಪರೀಕ್ಷೆ ಕೇಳದೆ ವಾರಕ್ಕೊಂದು ಮಾತ್ರೆ ಕೊಡುವ ಕಾರ್ಯಕ್ರಮ ಮಾಡಿಲ್ಲವೇ? 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ಶಾಲೆಯ ಹೆಣ್ಣುಮಕ್ಕಳಿಗೆ ನೀಲಿ, ದೊಡ್ಡವರಿಗೆ ಕೆಂಪು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರೆ, ಉಗುರು ಒತ್ತಿ ನೋಡಿದರೆ ನಮಗೆ ತಿಳಿಯುತ್ತದೆ. ಮಾತ್ರೆ ಶುರು ಮಾಡಿ, ಬೀಟ್‌ರೂಟ್ ಪಲ್ಯ, ದಾಳಿಂಬೆ, ನುಗ್ಗೆಸೊಪ್ಪು, ಹುರುಳಿ ಸಾರು ತಿನ್ನಿಸಿ. ಊಟದ ಜೊತೆ ನಿಂಬೆರಸ, ಕಾಫಿ-ಟೀ ಊಟವಾಗಿ ಒಂದೆರಡು ಗಂಟೆಯ ಮೇಲೆ. ನಾನು ಹೀಗೇ ಎಷ್ಟೋ ಜನರನ್ನು ಎಬ್ಬಿಸಿ ಕೂರಿಸಿದ್ದೇನೆ.

ವರದಿ ಮೋಸವನ್ನೂ ಮಾಡುತ್ತದೆ. ಹಿಮೋಗ್ಲೋಬಿನ್ 12 ದಾಟಿದೆ, ನಿನಗೇನೂ ಆಗಿಲ್ಲ ಎಂದು ಕಳಿಸಿಬಿಟ್ಟ ಹೆಂಗಸರು ಮನೆಗೆ ಬಂದು ಅತ್ತದ್ದನ್ನು ಕಂಡಿದ್ದೇನೆ. ಸುಸ್ತು ಸುಳ್ಳಲ್ಲ. ಒಂದು ಚೀಟಿಯಿಂದ ಅದು ಸುಳ್ಳಾಯಿತು.

ನನ್ನ ತಂಗಿಯದೂ ಹೇಳುತ್ತೇನೆ. ಮಾತ್ರೆ ತಿಂದರೆ ಹೊಟ್ಟೆ ಉರಿ, ಮಲ ಕಪ್ಪು ಎಂದು ಹೆದರಿ ನಾಲ್ಕೇ ದಿನಕ್ಕೆ ಬಿಟ್ಟಳು. ಅವಳಿಗೆ ಬೇಕಿದ್ದದ್ದು ಪರೀಕ್ಷೆಯಲ್ಲ, ಕಪ್ಪಾಗುವುದು ಸಹಜ ಎಂದು ಹೇಳುವ ಒಬ್ಬರು.

ಒಂದು ಪತ್ರ

ಪ್ರಶ್ನೆ ಓದಿದ ಓದುಗರೊಬ್ಬರು ಬರೆದರು: "ನನ್ನ ಮಗಳಿಗೆ 9 ಇದೆ. ದಯವಿಟ್ಟು ರಕ್ತ ಹಾಕಿಸಬೇಡಿ ಎಂದು ಬರೆಯಿರಿ, ಬೇರೆಯವರ ರಕ್ತಕ್ಕೆ ನಮಗೆ ಭಯ." ಪರೀಕ್ಷೆಗೆ ತೆಗೆಯುವ ರಕ್ತವನ್ನೂ ಬಾಟಲಿಯಲ್ಲಿ ಏರಿಸುವ ರಕ್ತವನ್ನೂ ಅವರು ಒಂದೇ ಎಂದುಕೊಂಡಿದ್ದರು. ಪರೀಕ್ಷೆಗೆ ಬೇಕಾದದ್ದು ಕೆಲವೇ ಮಿಲಿಲೀಟರ್. 9 ಇದ್ದು ಓಡಾಡಿಕೊಂಡಿರುವವಳಿಗೆ ಸಾಮಾನ್ಯವಾಗಿ ರಕ್ತ ಏರಿಸುವ ಅಗತ್ಯ ಬೀಳುವುದಿಲ್ಲ. ಇದೇ ಭಯದಿಂದ ಪ್ರಯೋಗಾಲಯದ ಮೆಟ್ಟಿಲು ಹತ್ತದವರು ಇನ್ನೆಷ್ಟು ಜನರೋ ಎಂಬ ಚಿಂತೆ ನಮ್ಮದು.

ವೈದ್ಯೆಯ ಮರುಮಾತು

ಸಿಸ್ಟರ್ ಹೇಳಿದ್ದರಲ್ಲಿ ದೊಡ್ಡ ಪಾಲು ನಿಜ. 12 ದಾಟಿದ ವರದಿ ಹಿಡಿದು ಬಂದವಳ ದಾಸ್ತಾನು ಖಾಲಿಯಿರಬಹುದು, ಅದಕ್ಕೇ ಫೆರಿಟಿನ್ ನೋಡಬೇಕು ಎನ್ನುವುದು. ಜ್ವರ, ಸೋಂಕು ಇದ್ದಾಗ ಅದೂ ಸುಳ್ಳಾಗಿ ಏರಿರುತ್ತದೆ. ರೆಪ್ಪೆ ನೋಡಿದರೆ ತೀರಾ ಕಡಿಮೆಯಾದದ್ದು ಕಾಣುತ್ತದೆ, 10ರ ಆಸುಪಾಸಿನದು ನುರಿತವರಿಗೂ ತಪ್ಪಿಹೋಗುತ್ತದೆ. ಬೀಟ್‌ರೂಟ್, ದಾಳಿಂಬೆಯಲ್ಲಿ ಬಣ್ಣ ಇದೆ, ಕಬ್ಬಿಣ ಅಲ್ಪ. ಹುರುಳಿ ಇವೆರಡಕ್ಕಿಂತ ಎಷ್ಟೋ ಮೇಲು. ತಿನ್ನುವವರಿಗೆ ಕುರಿಯ ಲಿವರ್‌ನಲ್ಲಿರುವ ಕಬ್ಬಿಣ ಸೊಪ್ಪಿನದಕ್ಕಿಂತ ಚೆನ್ನಾಗಿ ದಕ್ಕುತ್ತದೆ.

ವಾರದ ಮಾತ್ರೆ ತಡೆಗಟ್ಟಲು. ಆಗಲೇ ಕುಸಿದವಳಿಗೆ ಅದು ಸಾಲದು. ಅವಳಿಗೆ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಬೇಕು. ದಿನ ಬಿಟ್ಟು ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ದಕ್ಕುತ್ತದೆ, ಹೊಟ್ಟೆ ಉರಿಯೂ ಕಡಿಮೆ. ಸಿಸ್ಟರ್ ತಂಗಿಯಂಥವರಿಗೆ ನಾನು ಇದನ್ನೇ ಹೇಳುತ್ತೇನೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಬಿಡಬಾರದು, ದಾಸ್ತಾನು ತುಂಬಬೇಕಲ್ಲ.

ಹೊಲಿಗೆಯ ಆ ಹೆಣ್ಣುಮಗಳಿಗೆ ಮಾತ್ರೆಯ ಜೊತೆ ಸ್ರಾವ ತಗ್ಗಿಸುವ ಔಷಧಿಯನ್ನೂ ಕೊಟ್ಟೆವು. ತಿಂಗಳಿಗೆ ಹಿಮೋಗ್ಲೋಬಿನ್ 10ಕ್ಕೆ ಬಂತು. ಗಡ್ಡೆಗೆ ಏನು ಮಾಡಬೇಕೆಂದು ಅವಳಿನ್ನೂ ತೀರ್ಮಾನಿಸಿಲ್ಲ.

ಸಿಸ್ಟರ್ ಜೊತೆ ಒಂದು ಮಾತಿಗೆ ಬಂದಿದ್ದೇನೆ. ತೀರಾ ದೂರದ ಹಳ್ಳಿಯಲ್ಲಿ ಮಾತ್ರೆ ಇಂದೇ ಶುರುವಾಗಲಿ, ಪರೀಕ್ಷೆ ಅದರ ಹಿಂದೆಯೇ ಬರಲಿ. ಆದರೆ ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ನಿಂತರೆ ಕಣ್ಣು ಕತ್ತಲಾದರೆ, ಕೂತಲ್ಲೇ ಎದೆ ಬಡಿದುಕೊಂಡರೆ, ಮುಟ್ಟು ತಪ್ಪಿ ಆಮೇಲೆ ಸ್ರಾವವಾಗುತ್ತಿದ್ದರೆ ಅದೇ ದಿನ ಆಸ್ಪತ್ರೆ. ಫೆರಿಟಿನ್ ಎಲ್ಲರಿಗೂ ಬೇಕೇ, ಮಾತ್ರೆಗೆ ಏರದವರಿಗೆ ಸಾಕೇ ಎಂಬುದರಲ್ಲಿ ನಾವಿಬ್ಬರೂ ಒಪ್ಪಿಲ್ಲ. ಎಲ್ಲರಿಗೂ ಎಂದು ನಾನು, ಆ ದುಡ್ಡಿಗೆ ಅವಳ ಮನೆಗೆ ಬೇಳೆ ಬರುತ್ತದೆ ಎಂದು ಅವರು.